ಲಾರಿ ತುಂಬುವ ಲೆಕ್ಕದಲ್ಲಿ ಕೊಂಬೆ ಸವರುವ ಕ್ರಮ

ಹತ್ತು ಟನ್ ಹೊರುವ ಲಾರಿಯೊಂದಕ್ಕೆ ನಾಲ್ಕು ಸರಕುಗಳಿವೆ ಎಂದುಕೊಳ್ಳೋಣ. ಜನರೇಟರ್ 6 ಟನ್, ಬಾಡಿಗೆ 42 ಸಾವಿರ ರೂಪಾಯಿ. ಲೇತ್ 5 ಟನ್, 30 ಸಾವಿರ. ಪ್ರೆಸ್ 5 ಟನ್, 28 ಸಾವಿರ. ಟ್ಯಾಂಕ್ 3 ಟನ್, 15 ಸಾವಿರ. ಯಾವುದನ್ನೂ ಕೊಯ್ದು ಅರ್ಧ ಹೇರುವಂತಿಲ್ಲ. ಹೇರಿದರೆ 1, ಬಿಟ್ಟರೆ 0. ಇಂಥ ಲೆಕ್ಕವೇ ಪೂರ್ಣಾಂಕ ಪ್ರೋಗ್ರಾಮಿಂಗ್. ಅದನ್ನು ಬಿಡಿಸಲು ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡೋಯ್ಗ್ 1960ರಲ್ಲಿ ಪ್ರಕಟಿಸಿದ ವಿಧಾನ ಈಗ ‘ಬ್ರಾಂಚ್ ಅಂಡ್ ಬೌಂಡ್’ ಎಂದು ಹೆಸರಾಗಿದೆ.

ಟನ್ನಿಗೆ ಹೆಚ್ಚು ಬಾಡಿಗೆ ತರುವುದು ಜನರೇಟರ್, 7 ಸಾವಿರ. ಅದನ್ನೇ ಮೊದಲು ಹೇರಿದರೆ ಉಳಿದ 4 ಟನ್ನಿನಲ್ಲಿ ಟ್ಯಾಂಕ್ ಮಾತ್ರ ಹಿಡಿಸುತ್ತದೆ. ಒಟ್ಟು 57 ಸಾವಿರ. ಇದಕ್ಕಿಂತ ಮೇಲಾದದ್ದು ಇದೆಯೇ?

ಇದಕ್ಕೆ ಬೇಕಾದದ್ದು ಒಂದು ಮೇಲ್ಮಿತಿ. ಸರಕನ್ನು ಕೊಯ್ಯಬಹುದು ಎಂದು ಸುಮ್ಮನೆ ಭಾವಿಸಿ, ಟನ್ನಿನ ದರ ಹೆಚ್ಚಿರುವುದರಿಂದ ತುಂಬುತ್ತಾ ಹೋಗಬೇಕು. ಜನರೇಟರ್ ಪೂರ್ತಿ, ಲೇತಿನ ಐದರಲ್ಲಿ ನಾಲ್ಕು ಪಾಲು: 42 + 24 = 66 ಸಾವಿರ. ಕೊಯ್ಯುವ ಸಡಿಲ ಕೊಟ್ಟರೂ 66 ದಾಟದು ಎಂದಮೇಲೆ, ಇಡಿಯಾಗಿ ಹೇರುವಾಗ ದಾಟುವ ಮಾತೇ ಇಲ್ಲ. ಇಡೀ ವಿಧಾನ ನಿಂತಿರುವುದು ಈ ಒಂದು ತರ್ಕದ ಮೇಲೆ.

ತುಂಡಾದದ್ದು ಲೇತ್, ಕವಲು ಒಡೆಯಬೇಕಾದದ್ದೂ ಅಲ್ಲಿಯೇ. ಲೇತ್ ಹೇರಿಯೇ ಸಿದ್ಧ ಎಂಬ ಕವಲಿನಲ್ಲಿ ಮಿಕ್ಕ 5 ಟನ್ನಿಗೆ ಜನರೇಟರಿನ ಆರರಲ್ಲಿ ಐದು ಪಾಲು ಬಂದು, ಮೇಲ್ಮಿತಿ 65 ಆಗುತ್ತದೆ. ಈಗ ತುಂಡಾದದ್ದು ಜನರೇಟರ್. ಅದನ್ನೂ ಇಡಿಯಾಗಿ ಹೇರಿದರೆ ತೂಕ 11 ಟನ್, ಲಾರಿ ಹೊರದು. ಆ ಕೊಂಬೆಯನ್ನು ಸವರಬಹುದು. ಬಿಟ್ಟರೆ ಲೇತ್ ಮತ್ತು ಪ್ರೆಸ್ ಸರಿಯಾಗಿ 10 ಟನ್ ತುಂಬಿ 58 ಸಾವಿರ ತರುತ್ತವೆ. ಯಾವುದೂ ತುಂಡಾಗಿಲ್ಲವಾದ್ದರಿಂದ ಈ ಕೊಂಬೆಯೂ ಅಲ್ಲಿಗೆ ಮುಗಿಯಿತು. ಕೈಯಲ್ಲಿರುವ ಉತ್ತಮ ಉತ್ತರ ಈಗ 58.

ಲೇತ್ ಬಿಟ್ಟ ಕವಲಿನ ಮೇಲ್ಮಿತಿ 64.4. ಅದು 58ಕ್ಕಿಂತ ಹೆಚ್ಚಿರುವುದರಿಂದ ಒಳಗೆ ಹೋಗಲೇಬೇಕು. ಇಲ್ಲಿ ತುಂಡಾದದ್ದು ಪ್ರೆಸ್. ಅದನ್ನೂ ಬಿಟ್ಟರೆ ಜನರೇಟರ್, ಟ್ಯಾಂಕ್ ಸೇರಿ 57 ಮಾತ್ರ. ಪ್ರೆಸ್ ಹೇರಿದರೆ ಮೇಲ್ಮಿತಿ 63, ಜನರೇಟರ್ ಮತ್ತೆ ತುಂಡು. ಅದನ್ನು ಇಡಿಯಾಗಿ ಹೇರಿದರೆ ಪುನಃ 11 ಟನ್, ಬಿಟ್ಟರೆ ಪ್ರೆಸ್ ಮತ್ತು ಟ್ಯಾಂಕಿನಿಂದ 43. ಎಲ್ಲ ಕೊಂಬೆಗಳೂ ಮುಗಿದವು. 58ಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತು.

ನಾಲ್ಕು ಸರಕಿಗೆ ಇರುವುದು 16 ಜೋಡಣೆ, ಕೈಯಲ್ಲೇ ಎಣಿಸಬಹುದು. ನಲವತ್ತಾದರೆ ಲಕ್ಷ ಕೋಟಿ ದಾಟುತ್ತದೆ. ಆಗ ಸವರುವ ಕತ್ತಿಯೇ ಗತಿ. ಆದರೆ ಎಲ್ಲ ಸರಕಿಗೂ ಟನ್ನಿನ ದರ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮೇಲ್ಮಿತಿಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಕೊಂಬೆಗಳು ಬೀಳುವುದಿಲ್ಲ. ಕೈಯಲ್ಲಿರುವ ಉತ್ತರಕ್ಕೂ ಬಾಕಿ ಕವಲುಗಳ ಅತಿ ದೊಡ್ಡ ಮೇಲ್ಮಿತಿಗೂ ನಡುವಿನ ಅಂತರ ಎಷ್ಟು ಹೊತ್ತಾದರೂ ಇಳಿಯದಿರುವುದೇ ಅದರ ಗುರುತು. ಹಾಗಾದಾಗ ನಡುವೆ ನಿಲ್ಲಿಸಿದರೂ ಆ ಅಂತರ ಕೈಯಲ್ಲಿರುತ್ತದೆ: ಮೇಲಿನ ಲೆಕ್ಕವನ್ನು 58 ಸಿಕ್ಕ ಕ್ಷಣವೇ ನಿಲ್ಲಿಸಿದ್ದರೆ, ಕಳೆದುಕೊಂಡಿರಬಹುದಾದದ್ದು ಹೆಚ್ಚೆಂದರೆ 6.4 ಸಾವಿರ ರೂಪಾಯಿ.