ಷೇರು ಏರುವ ಸಾಧ್ಯತೆ ಗೊತ್ತಿಲ್ಲದೆಯೇ ಆಪ್ಷನ್‌ಗೆ ಬೆಲೆ ಕಟ್ಟುವುದು

ಒಂದು ಷೇರಿನ ಇಂದಿನ ಬೆಲೆ 1000 ರೂಪಾಯಿ. ಆರು ತಿಂಗಳ ನಂತರ ಅದನ್ನು 950 ರೂಪಾಯಿಗೆ ಕೊಳ್ಳುವ ಹಕ್ಕನ್ನು ಒಬ್ಬರು ಮಾರುತ್ತಿದ್ದಾರೆ. ಅದು ಹಕ್ಕು ಮಾತ್ರ, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಇದೇ ಕಾಲ್ ಆಪ್ಷನ್. ಆರು ತಿಂಗಳು ತುಂಬಿದ ದಿನವೇ ಹೊರತು ಅದಕ್ಕೆ ಮೊದಲು ಹಕ್ಕು ಚಲಾಯಿಸುವಂತಿಲ್ಲ ಎಂದಾದರೆ ಅದು ಯುರೋಪಿಯನ್ ಬಗೆಯದು. ನಮ್ಮ ಎನ್ಎಸ್ಇಯ ನಿಫ್ಟಿ ಆಪ್ಷನ್‌ಗಳು ಈ ಬಗೆಯವೇ. ಈ ಹಕ್ಕಿಗೆ ಇವತ್ತು ಎಷ್ಟು ಕೊಡಬೇಕು?

ಷೇರು ಏರುವ ಸಾಧ್ಯತೆ ಎಷ್ಟಿದೆಯೆಂದು ಮೊದಲು ತಿಳಿಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ಬೇಕಿಲ್ಲ ಎಂಬುದನ್ನು ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೈನ್ 1979ರಲ್ಲಿ ಕೂಡು-ಕಳೆ ಲೆಕ್ಕದಲ್ಲೇ ತೋರಿಸಿದರು. ಹಣಕಾಸು ಗಣಿತದಲ್ಲಿ ನನಗೆ ಇದಕ್ಕಿಂತ ಚೆಲುವಾದ ವಾದ ಕಂಡಿಲ್ಲ.

ಆರು ತಿಂಗಳನ್ನು ಮೂರು ಮೂರು ತಿಂಗಳ ಎರಡು ಹೆಜ್ಜೆಗಳಾಗಿ ಒಡೆಯೋಣ. ಪ್ರತಿ ಹೆಜ್ಜೆಯಲ್ಲೂ ಷೇರು ಶೇ 10ರಷ್ಟು ಏರುತ್ತದೆ, ಇಲ್ಲವೇ ಶೇ 10ರಷ್ಟು ಇಳಿಯುತ್ತದೆ. ಮೂರು ತಿಂಗಳಿಗೆ ಬಡ್ಡಿ ಶೇ 2. ಸಾಲ ಪಡೆದರೂ ಕೊಟ್ಟರೂ ಅದೇ ದರ. ಡಿವಿಡೆಂಡ್ ಇಲ್ಲ. ಮೊದಲ ಹೆಜ್ಜೆಗೆ ಬೆಲೆ 1100 ಅಥವಾ 900. ಎರಡನೆಯದಕ್ಕೆ 1210, 990 ಅಥವಾ 810. ಮೊದಲು ಏರಿ ಆಮೇಲೆ ಇಳಿದರೂ, ಮೊದಲು ಇಳಿದು ಆಮೇಲೆ ಏರಿದರೂ ಸೇರುವುದು ಅದೇ 990ಕ್ಕೆ. ಕೊನೆಯ ದಿನ ಹಕ್ಕಿನಿಂದ ಸಿಗುವ ಲಾಭ ಕ್ರಮವಾಗಿ 260, 40 ಮತ್ತು ಸೊನ್ನೆ.

ಇನ್ನು ಹಿಂದಕ್ಕೆ ನಡೆಯಬೇಕು. ಷೇರು 900ಕ್ಕೆ ಇಳಿದಿದೆ ಎನ್ನಿ. ಮುಂದೆ ಅದು 990 ಆದರೆ ಆಪ್ಷನ್ 40 ಕೊಡುತ್ತದೆ, 810 ಆದರೆ ಏನೂ ಇಲ್ಲ. ಷೇರಿನಲ್ಲಿ 180 ರೂಪಾಯಿ ಅಂತರ, ಆಪ್ಷನ್‌ನಲ್ಲಿ 40. ಆದ್ದರಿಂದ ಒಂದು ಷೇರಿನ 180ರಲ್ಲಿ 40 ಪಾಲು, ಅಂದರೆ ಒಂಬತ್ತರಲ್ಲಿ ಎರಡು ಪಾಲು, ಕೊಳ್ಳೋಣ. ಅದಕ್ಕೆ 200 ರೂಪಾಯಿ ಬೇಕು. 176.47 ಸಾಲ ತರೋಣ. ಬಡ್ಡಿ ಸೇರಿ ಅದು 180 ಆಗುತ್ತದೆ. ಷೇರು ಏರಿದರೆ ನಮ್ಮ ಪಾಲಿನ ಬೆಲೆ 220, ಸಾಲ ತೀರಿಸಿ ಉಳಿಯುವುದು 40. ಇಳಿದರೆ 180, ಸಾಲ ತೀರಿ ಉಳಿಯುವುದು ಸೊನ್ನೆ. ಆಪ್ಷನ್ ಕೊಡುವುದೂ ಇದನ್ನೇ. ನಮ್ಮ ಕೈಯಿಂದ ಹೋದದ್ದು 23.53 ಮಾತ್ರ, ಹಾಗಾಗಿ ಅಲ್ಲಿ ಆಪ್ಷನ್ ಬೆಲೆಯೂ ಅಷ್ಟೇ. ಏರುವ ಸಾಧ್ಯತೆ ಎಷ್ಟೆಂದು ನಾವು ಎಲ್ಲೂ ಕೇಳಲಿಲ್ಲ.

ಈ ಕೂಡು-ಕಳೆಯನ್ನು ಒಂದೇ ಸೂತ್ರಕ್ಕೆ ಇಳಿಸಿದರೆ ಒಂದು ಸಂಖ್ಯೆ ಹೊರಬರುತ್ತದೆ: q = (1.02 − 0.9) / (1.1 − 0.9) = 0.6. ಅಪಾಯ-ತಟಸ್ಥ ಸಂಭವನೀಯತೆ ಎನ್ನುವುದು ಇದನ್ನೇ. ಷೇರು ಶೇ 60ರಷ್ಟು ಸಲ ಏರುತ್ತದೆ ಎಂಬ ಭವಿಷ್ಯವಾಣಿ ಇದಲ್ಲ. ಷೇರಿನ ಸರಾಸರಿ ಗಳಿಕೆ ಬ್ಯಾಂಕಿನ ಬಡ್ಡಿಗೆ ಸರಿಸಮ ಆಗುವಂತೆ ಎರಡು ದಾರಿಗಳಿಗೂ ಹಂಚಿದ ತೂಕ ಇದು.

ಅದನ್ನು ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ. 1100ರ ಗಂಟಿನಲ್ಲಿ 260ರ 0.6 ಭಾಗ ಮತ್ತು 40ರ 0.4 ಭಾಗ ಸೇರಿ 172, 1.02ರಿಂದ ಭಾಗಿಸಿದರೆ 168.63. ಇದನ್ನೂ 23.53ನ್ನೂ ಅದೇ ರೀತಿ ಕೂಡಿಸಿ ಮತ್ತೊಮ್ಮೆ 1.02ರಿಂದ ಭಾಗಿಸಿದರೆ ಇಂದಿನ ಬೆಲೆ 108.42.

ಕಲಿಯುವವರು ಸಾಮಾನ್ಯವಾಗಿ ಎಡವುವುದು ನಡುವಿನ 990ರಲ್ಲಿ. ಅಲ್ಲಿಗೆ ಎರಡು ದಾರಿಗಳಿವೆ, ಆದ್ದರಿಂದ ಅದರ ತೂಕ 0.24 ಅಲ್ಲ, 0.48. ಒಂದು ದಾರಿ ಮರೆತರೆ ಬೆಲೆ 99ಕ್ಕೆ ಕುಸಿಯುತ್ತದೆ. ತಪ್ಪು ಹಿಡಿಯಲು ಷೇರನ್ನೇ ಅದೇ ತೂಕಗಳಲ್ಲಿ ಕೂಡಿ ನೋಡಿ: 0.36, 0.48, 0.16 ತೂಕದಲ್ಲಿ 1210, 990, 810 ಸೇರಿದರೆ 1040.40. ಸಾವಿರ ರೂಪಾಯಿ ಬ್ಯಾಂಕಿನಲ್ಲಿಟ್ಟರೂ ಆರು ತಿಂಗಳಿಗೆ ಅಷ್ಟೇ ಆಗುತ್ತದೆ. ಹಾಗೆಯೇ q ಒಂದನ್ನು ಮೀರಿದರೆ ಊಹೆಯಲ್ಲೇ ದೋಷವಿದೆ: ಆಗ ಏರಿದ ಷೇರಿಗಿಂತಲೂ ಬ್ಯಾಂಕೇ ಹೆಚ್ಚು ಕೊಡುತ್ತಿದೆ ಎಂದರ್ಥ.

ಷೇರು ಏರುವ ಸಾಧ್ಯತೆ ಶೇ 80 ಎಂದು ದೃಢವಾಗಿ ನಂಬಿದವರೊಬ್ಬರು ಆ ಲೆಕ್ಕದಲ್ಲಿ 172 ರೂಪಾಯಿ ಕೊಡಲು ಬಂದರು ಎನ್ನೋಣ. ಮಾರುವವರು 108.42ರಲ್ಲಿ ಷೇರು ಮತ್ತು ಸಾಲದ ಜೋಡಿಯನ್ನು ಕಟ್ಟಿಕೊಂಡು ಸುಮಾರು 64 ರೂಪಾಯಿಯನ್ನು ಅಪಾಯವಿಲ್ಲದೆ ಉಳಿಸಿಕೊಳ್ಳುತ್ತಾರೆ. ಆ ನಂಬಿಕೆ ನಿಜವಾಗಿದ್ದರೂ ಅಷ್ಟೇ! ಅವರು ಷೇರನ್ನೇ ಕೊಳ್ಳಬಹುದಿತ್ತು.

ಆದರೆ ಶೇ 10 ಎಂಬ ಏರಿಳಿತ ಎಲ್ಲಿಂದ ಬಂತು? ಅದು ವರ್ಷಕ್ಕೆ ಸುಮಾರು ಶೇ 20ರ ಚಂಚಲತೆಗೆ ಹೊಂದುವ ಅಂದಾಜು. ಲೆಕ್ಕದಲ್ಲಿ ಅಭಿಪ್ರಾಯ ನುಸುಳುವ ಜಾಗ ಇದೇ. ಜೊತೆಗೆ, ಈ ಜೋಡಿಯನ್ನು ಪ್ರತಿ ಗಂಟಿನಲ್ಲೂ ಬದಲಿಸಬೇಕು: ಆರಂಭದಲ್ಲಿ 0.7255 ಷೇರು, ಏರಿದರೆ ಪೂರ್ತಿ ಒಂದು, ಇಳಿದರೆ 0.2222. ದಲ್ಲಾಳಿ ಶುಲ್ಕ, ತೆರಿಗೆ ಇಲ್ಲಿ ಲೆಕ್ಕಕ್ಕಿಲ್ಲ. ಅದಕ್ಕಿಂತ ದೊಡ್ಡ ತೊಡಕು, ಮರದಲ್ಲಿಲ್ಲದ ಬೆಲೆಗೆ ಷೇರು ಜಿಗಿಯುವುದು. ಮೊದಲ ಹೆಜ್ಜೆಯಲ್ಲೇ ಅದು 800ಕ್ಕೆ ಕುಸಿದರೆ ನಮ್ಮ ಷೇರಿನ ಪಾಲು 580.39, ತೀರಿಸಬೇಕಾದ ಸಾಲ 629.41. ಆಪ್ಷನ್ ಬೆಲೆ ಎಂದೂ ಸೊನ್ನೆಗಿಂತ ಕೆಳಗಿಳಿಯದು. ಅದರ ನಕಲಾಗಬೇಕಿದ್ದ ಜೋಡಿ ಮಾತ್ರ 49 ರೂಪಾಯಿ ಸಾಲದಲ್ಲಿ ನಿಂತಿರುತ್ತದೆ.