ಮಳೆಗಾಲದ ಶಾಲಾ ಬ್ಯಾಗ್: ಮೊದಲು ತೂಗಿ ನೋಡಿ

ಸಕಲೇಶಪುರ, ಆಲೂರಿನ ಕಡೆ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಬ್ಯಾಗ್ ಕೊಳ್ಳುವಾಗ ಚಿತ್ರ ನೋಡುವ ಮೊದಲು ಖಾಲಿ ಬ್ಯಾಗನ್ನೇ ತೂಗಿಸಿ.

ಒಂದು, ಎರಡನೇ ತರಗತಿಯ ಮಕ್ಕಳ ಬ್ಯಾಗ್ ಎರಡು ಕಿಲೋ ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಅದು ಮೈತೂಕದ ಹತ್ತನೇ ಒಂದು ಭಾಗ. ಈಗ ಲೆಕ್ಕ ಹಾಕಿ: ಖಾಲಿ ಬ್ಯಾಗ್ 800 ಗ್ರಾಂ, ನೀರು ತುಂಬಿದ ಮುಕ್ಕಾಲು ಲೀಟರಿನ ಸ್ಟೀಲ್ ಬಾಟಲಿ ಸುಮಾರು ಒಂದು ಕಿಲೋ. ಪುಸ್ತಕಕ್ಕೆ ಉಳಿದದ್ದು 200 ಗ್ರಾಂ! ಬ್ಯಾಗ್ 400 ಗ್ರಾಂನದ್ದಾಗಿ, ಬಾಟಲಿ ಅರ್ಧಕ್ಕಿಳಿದರೆ ಪುಸ್ತಕ, ಬುತ್ತಿ ಎರಡಕ್ಕೂ ಜಾಗವಾಗುತ್ತದೆ. ಶಾಲೆಯಲ್ಲಿ ಶುದ್ಧ ನೀರಿದ್ದರೆ ಚಿಕ್ಕ ಬಾಟಲಿ ಸಾಕು. ಬೆಳಗಿನ ಮದ್ರಸಾದ ಕಿತಾಬುಗಳಿಗೆ ಬೇರೆ ಚೀಲವಿರಲಿ. ಅವು ಸಂಜೆಯವರೆಗೆ ಬೆನ್ನ ಮೇಲಿರುವುದು ಬೇಡ.

ದಪ್ಪ ಕ್ಯಾನ್ವಾಸ್ ಗಟ್ಟಿಯೇ, ಆದರೆ ನಮ್ಮ ಮಳೆಗೆ ಅದು ನೀರು ಕುಡಿದು ಭಾರವಾಗುತ್ತದೆ, ಬೆಳಗಾದರೂ ಒಣಗದೆ ಬೂಷ್ಟು ಹಿಡಿಯುತ್ತದೆ. ಒಳಗೆ ಲೇಪನವಿರುವ ಪಾಲಿಯೆಸ್ಟರ್ ವಾಸಿ. ಮನೆಗೆ ತಂದು ಒಂದು ಲೋಟ ನೀರು ಸುರಿದು ನೋಡಿ: ಸೋರುವುದು ಬಟ್ಟೆಯಿಂದಲ್ಲ, ಜಿಪ್ ಮತ್ತು ಹೊಲಿಗೆಯಿಂದ. ಹಾಗಾಗಿ ಮೇಲೊಂದು ಮಳೆ ಕವರ್ ಬೇಕೇಬೇಕು. ಪಟ್ಟಿ ಬ್ಯಾಗಿಗೆ ಸೇರುವಲ್ಲಿ ಒಂದೇ ಸಾಲಿನ ಹೊಲಿಗೆಯಿದ್ದರೆ ಬಿಟ್ಟುಬಿಡಿ. ಮೊದಲು ಕಿತ್ತುಬರುವುದು ಅಲ್ಲೇ.

ಇನ್ನು ಹಣ್ಣಿನ ಆಕಾರದ, ಸುವಾಸನೆಯ ರಬ್ಬರ್ ಚಿಕ್ಕವರಿಗೆ ಬೇಡ. ಮಿಠಾಯಿಯೆಂದು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬಿಳಿಯ ಸಾದಾ ರಬ್ಬರೇ ಚೆನ್ನಾಗಿ ಅಳಿಸುತ್ತದೆ.