ನಾಲ್ಕನೆಯ ಮಿಣುಕಿಗಾಗಿ ಕಾಯುವ ಲೆಕ್ಕ

1910ರಲ್ಲಿ ಮ್ಯಾಂಚೆಸ್ಟರಿನ ಪ್ರಯೋಗಾಲಯದಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಮತ್ತು ಹಾನ್ಸ್ ಗೈಗರ್ ಒಂದು ತಾಳ್ಮೆಯ ಎಣಿಕೆ ನಡೆಸಿದರು. ಪೊಲೋನಿಯಂ ಲೇಪಿಸಿದ ಪುಟ್ಟ ಬಿಲ್ಲೆ, ಅದರೆದುರು ಸತುವಿನ ಸಲ್ಫೈಡ್ ಬಳಿದ ಪರದೆ, ಪರದೆಯ ಮೇಲೆ ನೆಟ್ಟ ಸೂಕ್ಷ್ಮದರ್ಶಕ. ಪೊಲೋನಿಯಂನಿಂದ ಹೊರಟ ಆಲ್ಫಾ ಕಣ ಪರದೆಗೆ ಬಡಿದಾಗಲೆಲ್ಲ ಅಲ್ಲಿ ಬೆಳಕಿನ ಚುಕ್ಕೆಯೊಂದು ಮಿಣುಕುತ್ತದೆ. ಮಿಣುಕು ಕಂಡ ಕೂಡಲೇ ನೋಡುತ್ತಿದ್ದವರು ಕೈಯಿಂದ ವಿದ್ಯುತ್ ಮಂಡಲವನ್ನು ಜೋಡಿಸುತ್ತಿದ್ದರು, ಓಡುವ ಕಾಗದದ ಪಟ್ಟಿಯ ಮೇಲೆ ಗುರುತು ಬೀಳುತ್ತಿತ್ತು. ಆಮೇಲೆ ಆ ಪಟ್ಟಿಯನ್ನು ಏಳೂವರೆ ಸೆಕೆಂಡಿನ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿ ಎಷ್ಟು ಗುರುತು ಎಂದು ಲೆಕ್ಕ ಹಾಕಿದರು. ಒಟ್ಟು 2608 ತುಂಡು, 10,097 ಮಿಣುಕು. ಅಂದರೆ ತುಂಡಿಗೆ ಸರಾಸರಿ 3.87.

ಈ ಲೆಕ್ಕವನ್ನು ತಿರುಗಿಸಿ ನೋಡೋಣ. ಏಳೂವರೆ ಸೆಕೆಂಡಿಗೆ 3.87 ಮಿಣುಕು ಎಂದರೆ ಸೆಕೆಂಡಿಗೆ ಸುಮಾರು 0.516. ಇದು ದರ. ಹಾಗಾದರೆ ಒಂದು ಮಿಣುಕಿಗಾಗಿ ಕಾಯುವ ಸರಾಸರಿ ಹೊತ್ತು ಇದರ ವಿಲೋಮ, 1.94 ಸೆಕೆಂಡು. ಪ್ರತಿ ಮಿಣುಕೂ ಇಷ್ಟೇ ಹೊತ್ತಿಗೆ ಬರುತ್ತದೆಂದು ಇದರ ಅರ್ಥವಲ್ಲ. ಪೊಲೋನಿಯಂನ ಯಾವ ಪರಮಾಣು ಯಾವಾಗ ಒಡೆಯುತ್ತದೆ ಎನ್ನುವುದಕ್ಕೆ ಹಿಂದಿನ ಮಿಣುಕಿನ ಹಂಗಿಲ್ಲ. ಐದು ಸೆಕೆಂಡು ಸುಮ್ಮನೆ ಕಳೆದರೂ ಮುಂದಿನ ಕಣ 'ಇನ್ನೇನು ಬಂತು' ಎನ್ನುವಂತಿಲ್ಲ. ಇನ್ನೂ ಕಾಯಬೇಕಾದ ಸರಾಸರಿ ಹೊತ್ತು ಆಗಲೂ 1.94 ಸೆಕೆಂಡೇ. ನೆನಪಿಲ್ಲದ ಇಂಥ ಕಾಯುವಿಕೆಯನ್ನು ಘಾತೀಯ ವಿತರಣೆ ಹೇಳುತ್ತದೆ. ಇದರಲ್ಲಿ ಸಣ್ಣ ಅಂತರಗಳೇ ಹೆಚ್ಚು: ನೂರರಲ್ಲಿ ಸುಮಾರು 63 ಅಂತರಗಳು ಸರಾಸರಿಗಿಂತ ಚಿಕ್ಕವು. ಉಳಿದವುಗಳಲ್ಲಿ ಕೆಲವು ತುಂಬ ಉದ್ದ.

ಈಗ ಒಂದರ ಬದಲು ನಾಲ್ಕನೆಯ ಮಿಣುಕಿಗಾಗಿ ಕಾಯೋಣ. ಇದು ನಾಲ್ಕು ಅಂತರಗಳ ಮೊತ್ತ. ನಾಲ್ಕೂ ಘಾತೀಯ, ನಾಲ್ಕಕ್ಕೂ ದರ ಒಂದೇ, ಒಂದಕ್ಕೊಂದು ಸಂಬಂಧವಿಲ್ಲ. ಹೀಗೆ ಸಿಗುವ ಮೊತ್ತವೇ ಗ್ಯಾಮಾ ವಿತರಣೆ. ಅದಕ್ಕೆ ಎರಡೇ ಅಳತೆ: ಎಷ್ಟು ಅಂತರಗಳನ್ನು ಕೂಡಿದೆವು ಎನ್ನುವುದು ಆಕಾರ, ಇಲ್ಲಿ 4. ಮಿಣುಕು ಎಷ್ಟು ಬಿರುಸಾಗಿ ಬರುತ್ತದೆ ಎನ್ನುವುದು ದರ, ಇಲ್ಲಿ 0.516. ಸರಾಸರಿ ಕಾಯುವಿಕೆ ಆಕಾರವನ್ನು ದರದಿಂದ ಭಾಗಿಸಿದಷ್ಟು, ಅಂದರೆ 7.75 ಸೆಕೆಂಡು.

ಇದರ ಸೂತ್ರ ನೋಡಲು ಬಿಗಿಯಾಗಿದ್ದರೂ ಹುಟ್ಟಿದ್ದು ಸರಳವಾಗಿ:

f(t) = λ · e^(−λt) · (λt)^(k−1) / (k−1)!

ಇಲ್ಲಿ k ಆಕಾರ, λ ದರ. ನಾಲ್ಕನೆಯ ಮಿಣುಕು ಸರಿಯಾಗಿ t ಎಂಬ ಕ್ಷಣಕ್ಕೆ ಬರಬೇಕಾದರೆ ಎರಡು ಸಂಗತಿ ನಡೆಯಬೇಕು. ಆ ಹೊತ್ತಿನೊಳಗೆ ಮೂರೇ ಮೂರು ಮಿಣುಕು ಆಗಿರಬೇಕು. ಅದರ ಸಂಭವನೀಯತೆಯನ್ನು ಪಾಯ್ಸನ್ ಸೂತ್ರ ಕೊಡುತ್ತದೆ. ಮೇಲಿನ ಸಾಲಿನಲ್ಲಿ ಮೊದಲ λ ಬಿಟ್ಟು ಉಳಿದದ್ದೆಲ್ಲ ಅದೇ. ಮತ್ತೊಂದು, ಆ ಕ್ಷಣದಲ್ಲಿ ಇನ್ನೊಂದು ಬರಬೇಕು. ಅದೇ ಮೊದಲಿನ λ. ಎರಡನ್ನೂ ಗುಣಿಸಿದರೆ ಆಯಿತು.

ಕಾಯುವಿಕೆಯೂ ಎಣಿಕೆಯೂ ಒಂದೇ ಪಟ್ಟಿಯನ್ನು ಎರಡು ಕಡೆಯಿಂದ ಓದುವ ಕೆಲಸ. ಹಾಗಾಗಿ ರುದರ್‌ಫೋರ್ಡ್ ಮತ್ತು ಗೈಗರ್ ಬರೆದಿಟ್ಟ ಎಣಿಕೆಯಿಂದಲೇ ನಮ್ಮ ಗ್ಯಾಮಾವನ್ನು ಪರೀಕ್ಷಿಸಬಹುದು. ನಾಲ್ಕನೆಯ ಮಿಣುಕು ಏಳೂವರೆ ಸೆಕೆಂಡಿನೊಳಗೆ ಬರಲಿಲ್ಲ ಎಂದರೆ ಆ ತುಂಡಿನಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಗುರುತುಗಳಿವೆ ಎಂದೇ ಅರ್ಥ. ತುಂಡು ಶುರುವಾಗುವುದು ಗಡಿಯಾರದ ಲೆಕ್ಕದಲ್ಲಿ, ಮಿಣುಕು ಬಿದ್ದ ಕ್ಷಣದಿಂದ ಅಲ್ಲ. ಆದರೂ ತೊಡಕಿಲ್ಲ. ಅಂತರಗಳಿಗೆ ನೆನಪಿಲ್ಲವಾದ್ದರಿಂದ ಯಾವ ಕ್ಷಣದಿಂದ ಕಾಯಲು ಶುರು ಮಾಡಿದರೂ ಲೆಕ್ಕ ಅದೇ. ಗ್ಯಾಮಾ ಪ್ರಕಾರ ಹೀಗಾಗುವ ಸಂಭವನೀಯತೆ 0.459. 2608 ತುಂಡುಗಳಲ್ಲಿ 1197 ತುಂಡುಗಳು ಇಂಥವಿರಬೇಕು. ಅವರ ಪಟ್ಟಿಯಲ್ಲಿ ಒಂದೂ ಮಿಣುಕಿಲ್ಲದ ತುಂಡು 57, ಒಂದಿರುವುದು 203, ಎರಡಿರುವುದು 383, ಮೂರಿರುವುದು 525. ಕೂಡಿದರೆ 1168. ಲೆಕ್ಕಕ್ಕೂ ಎಣಿಕೆಗೂ 29ರ ವ್ಯತ್ಯಾಸ. ಇಷ್ಟು ತುಂಡುಗಳಲ್ಲಿ ಬರೀ ಆಕಸ್ಮಿಕದಿಂದಲೇ 25ರಷ್ಟು ಹೆಚ್ಚುಕಡಿಮೆ ಆಗುವುದು ಮಾಮೂಲು. ಆಕಾರವನ್ನು 1 ಮಾಡಿ, ಮೊದಲ ಮಿಣುಕೇ ಬಾರದ ತುಂಡುಗಳೆಷ್ಟು ಎಂದು ಕೇಳಿದರೆ ಲೆಕ್ಕ 54 ಎನ್ನುತ್ತದೆ. ಕಂಡದ್ದು 57. ಕತ್ತಲಲ್ಲಿ ಕಣ್ಣು ನೆಟ್ಟು ಎಣಿಸಿದ ಅಂಕಿಗಳು ಸೂತ್ರಕ್ಕೆ ಇಷ್ಟು ಹತ್ತಿರ ಬಂದಿರುವುದು ನನಗೆ ಈಗಲೂ ರೋಮಾಂಚನ ತರುತ್ತದೆ.

ಆಕಾರ, ದರ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ. ಪೊಲೋನಿಯಂ ಬಿಲ್ಲೆಯನ್ನು ಹತ್ತಿರ ತಂದು ದರವನ್ನು ಎರಡು ಪಟ್ಟು ಮಾಡಿದರೆ ಎಲ್ಲ ಹೊತ್ತುಗಳೂ ಅರ್ಧಕ್ಕಿಳಿಯುತ್ತವೆ, ಅಷ್ಟೇ. ವಕ್ರರೇಖೆಯ ರೂಪ ಬದಲಾಗುವುದಿಲ್ಲ. ಸಮಯದ ಅಳತೆಪಟ್ಟಿ ಕುಗ್ಗಿದಂತೆ. ಆಕಾರ ಬದಲಾದರೆ ಮಾತ್ರ ರೂಪವೇ ಬದಲಾಗುತ್ತದೆ. ಆಕಾರ 1 ಇದ್ದಾಗ ವಕ್ರರೇಖೆ ಸೊನ್ನೆಯಲ್ಲೇ ಎತ್ತರದಲ್ಲಿದ್ದು ಅಲ್ಲಿಂದ ಇಳಿಯುತ್ತಲೇ ಹೋಗುತ್ತದೆ. ಆಕಾರ 4 ಆದಾಗ ಸೊನ್ನೆಯಿಂದ ಎದ್ದು 5.8 ಸೆಕೆಂಡಿನ ಬಳಿ ಶಿಖರ ಮುಟ್ಟಿ, ಬಲಕ್ಕೆ ಉದ್ದ ಬಾಲ ಬಿಡುತ್ತದೆ. ನಾಲ್ಕು ಅಂತರಗಳೂ ಒಟ್ಟಿಗೇ ತೀರ ಚಿಕ್ಕವಾಗುವುದು ಅಪರೂಪವಾದ್ದರಿಂದ ಸೊನ್ನೆಯ ಹತ್ತಿರ ಜಾಗ ಖಾಲಿ. ಅಂತರಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ನಾಲ್ಕೂ ಒಟ್ಟಿಗೇ ಉದ್ದವಾಗುವುದೂ ಅಪರೂಪ, ಉದ್ದದ್ದು ಚಿಕ್ಕದ್ದು ಬೆರೆತು ಮೊತ್ತದಲ್ಲಿ ಒಂದಿಷ್ಟು ಸರಿದೂಗುತ್ತದೆ. ಹೀಗಾಗಿ ಸರಾಸರಿ ನಾಲ್ಕು ಪಟ್ಟಾದರೂ ಹರಡಿಕೆ, ಅಂದರೆ ಮಾನಕ ವಿಚಲನೆ, ಎರಡೇ ಪಟ್ಟಾಗಿ 3.87 ಸೆಕೆಂಡಿಗೆ ನಿಲ್ಲುತ್ತದೆ. ನೂರನೆಯ ಮಿಣುಕಿಗೆ ಕಾದರೆ ಸರಾಸರಿ 194 ಸೆಕೆಂಡು, ಹರಡಿಕೆ ಸುಮಾರು 19, ಅಂದರೆ ಸರಾಸರಿಯ ಹತ್ತನೇ ಒಂದು ಪಾಲು. ಒಂದು ಮಿಣುಕಿನ ಬಗ್ಗೆ ಏನೂ ಹೇಳಲಾಗದವರು ನೂರರ ಬಗ್ಗೆ ಧೈರ್ಯವಾಗಿ ಹೇಳಬಹುದು.

ಇದೆಲ್ಲ ನಿಲ್ಲುವುದು ದರ ಒಂದೇ ಆಗಿರುವ ತನಕ. ಪೊಲೋನಿಯಂನ ಅರ್ಧಾಯುಷ್ಯ 138 ದಿನ. ದಿನಕ್ಕೆ ಅರ್ಧ ಶೇಕಡಾದಷ್ಟು ಸೊರಗುತ್ತದೆ. ಅದಕ್ಕೇ ಅವರು ಬಿಲ್ಲೆಯನ್ನು ದಿನದಿನಕ್ಕೂ ಪರದೆಯ ಹತ್ತಿರಕ್ಕೆ ಸರಿಸಿ ದರವನ್ನು ಕಾಪಾಡಿಕೊಂಡರು. ದರ ಏರುಪೇರಾದ ಅಂತರಗಳನ್ನು ಕೂಡಿದರೆ ಬರುವುದು ಗ್ಯಾಮಾ ಅಲ್ಲ. ಇನ್ನೊಂದು ತೊಡಕು ಕೈಯದು. ಎರಡು ಮಿಣುಕು ಒಂದರ ಬೆನ್ನಿಗೊಂದು ಬಂದರೆ ಬೆರಳು ಎರಡನೆಯದನ್ನು ತಪ್ಪಿಸಿಬಿಡಬಹುದು. ಆಗ ತೀರ ಸಣ್ಣ ಅಂತರಗಳು ಕಾಣೆಯಾಗಿ, ಎಣಿಕೆಗಳ ಹರಡಿಕೆ ಇರಬೇಕಾದ್ದಕ್ಕಿಂತ ಕಿರಿದಾಗುತ್ತದೆ. ಪಾಯ್ಸನ್ ಎಣಿಕೆಯಲ್ಲಿ ಸರಾಸರಿಯೂ ವಿಚಲನೆಯ ವರ್ಗವೂ ಒಂದೇ ಇರಬೇಕು. ಈ ಪಟ್ಟಿಯಲ್ಲಿ ಸರಾಸರಿ 3.87, ವರ್ಗ 3.69. ಇದು ಆಕಸ್ಮಿಕವೂ ಇರಬಹುದು, ಆದರೆ ಮಿಣುಕು ತಪ್ಪಿಸಿಕೊಂಡರೆ ವ್ಯತ್ಯಾಸ ಬೀಳುವುದು ಇದೇ ದಿಕ್ಕಿಗೆ.

ಆಕಾರ 2.5 ಎಂದೂ ಇರಬಹುದು. ಮಳೆಯ ಪ್ರಮಾಣದಂಥ ಅಂಕಿಗಳಿಗೆ ಗ್ಯಾಮಾವನ್ನು ಹೊಂದಿಸುವಾಗ ಅಂಥ ಬೆಲೆಗಳು ಬರುತ್ತವೆ. ಅಲ್ಲಿ ಎರಡೂವರೆ ಕಾಯುವಿಕೆ ಎಂದು ಹುಡುಕಬೇಡಿ. ಆಕಾರವನ್ನು ವಕ್ರರೇಖೆಯ ರೂಪವೆಂದಷ್ಟೇ ಓದಿ.

ಕಂಪ್ಯೂಟರಿನಲ್ಲಿ ಈ ಲೆಕ್ಕ ಮಾಡುವವರು ಒಂದು ಕಡೆ ಎಡವುತ್ತಾರೆ. R ಭಾಷೆಯಲ್ಲಿ ದರವನ್ನೇ ಕೊಡಬಹುದು:

```
pgamma(7.5, shape = 4, rate = 0.5162, lower.tail = FALSE)
```

ಉತ್ತರ 0.459. ಎಕ್ಸೆಲ್‌ನ GAMMA.DIST ಕೇಳುವುದು ದರವನ್ನಲ್ಲ, ಅದರ ವಿಲೋಮವನ್ನು, ಇಲ್ಲಿ 1.94. ಅಲ್ಲಿ 0.516 ಹಾಕಿದರೆ ಸರಾಸರಿ ಕಾಯುವಿಕೆ 7.75 ಸೆಕೆಂಡಿನ ಬದಲು 2.06 ಆಗುತ್ತದೆ, ನಾಲ್ಕನೆಯ ಮಿಣುಕು ಏಳೂವರೆ ಸೆಕೆಂಡಿನೊಳಗೆ ಬಂದೇ ಬರುತ್ತದೆ ಎಂಬ ಉತ್ತರ ಸಿಗುತ್ತದೆ. ಲೆಕ್ಕ ಮಾಡುವ ಮೊದಲು ಸರಾಸರಿಯನ್ನೊಮ್ಮೆ ಬಾಯಲ್ಲೇ ಲೆಕ್ಕ ಹಾಕಿ ನೋಡಿಕೊಳ್ಳಿ. ಅದು ಸರಿಯಿದ್ದರೆ ನೀವು ಕೊಟ್ಟದ್ದು ದರವೋ ವಿಲೋಮವೋ ಎಂಬ ಅನುಮಾನ ಉಳಿಯುವುದಿಲ್ಲ.